ಸ್ಲೈಡ್ ಸರಣಿಗಳ ಓದು ಮಾಪನ

ಬೆರಳಿನಿಂದ ಸರಿಸುತ್ತ ಓದುವ ಸ್ಲೈಡ್ ಸರಣಿಯನ್ನು ಎಷ್ಟು ಜನ ಉಳಿಸಿಟ್ಟುಕೊಂಡರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಯಾವ ಸ್ಲೈಡಿನಲ್ಲಿ ಓದು ನಿಲ್ಲಿಸಿದರು ಎಂಬ ಲೆಕ್ಕಗಳನ್ನು ನೋಡಿ, ಯಾವ ಸ್ಲೈಡನ್ನು ತಿದ್ದಿ ಬರೆಯಬೇಕೆಂದು ತೀರ್ಮಾನಿಸುವ ಕ್ರಮ ಇದು. ಇನ್‌ಸ್ಟಾಗ್ರಾಮ್ ಕೆರೋಸೆಲ್ ಪೋಸ್ಟುಗಳ ಕಾಲದಲ್ಲಿ ಇದು ಸಂಪಾದಕರ ದಿನನಿತ್ಯದ ಕೆಲಸವಾಯಿತು. ಆದರೆ ಓದುಗ ಎಲ್ಲಿ ಕೈಬಿಟ್ಟ ಎಂದು ಪತ್ತೆಹಚ್ಚುವ ಹಂಬಲ ಅಚ್ಚಿನ ಕಾಲದ್ದು.

1928ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯಕ್ಕೆ ಜಾರ್ಜ್ ಗ್ಯಾಲಪ್ ಪತ್ರಿಕೆಗಳ ಓದುಗರ ಆಸಕ್ತಿಯನ್ನು ಅಳೆಯುವ ಕುರಿತು ಪಿಎಚ್‌.ಡಿ. ಪ್ರಬಂಧ ಸಲ್ಲಿಸಿದರು. ನೀವು ಏನು ಓದುತ್ತೀರಿ ಎಂದು ಕೇಳಿದರೆ ಜನ ಸಂಪಾದಕೀಯ, ವಿದೇಶ ಸುದ್ದಿ ಎಂದು ಹೇಳುತ್ತಿದ್ದರು. ಗ್ಯಾಲಪ್ ಹಾಗೆ ಕೇಳಲಿಲ್ಲ. ಓದುಗರ ಜೊತೆ ಕೂತು, ಪತ್ರಿಕೆಯನ್ನು ಬಿಚ್ಚಿ, ಪುಟದಿಂದ ಪುಟಕ್ಕೆ ಸಾಗುತ್ತ ಇದನ್ನು ಓದಿದಿರಾ, ಇದನ್ನು ಓದಿದಿರಾ ಎಂದು ಗುರುತು ಹಾಕಿಕೊಂಡರು. ಚಿತ್ರಗಳಿಗೆ ಸಂಪಾದಕರು ಎಣಿಸಿದ್ದಕ್ಕಿಂತ ಹೆಚ್ಚಿನ ಓದುಗರಿರುವುದು ಈ ದಾರಿಯಲ್ಲಿ ಗೊತ್ತಾಯಿತು. ಡೆಮಾಯ್ನ್‌ನ ಪತ್ರಿಕೆ ನಡೆಸುತ್ತಿದ್ದ ಕೌಲ್ಸ್ ಕುಟುಂಬ ಇಂಥ ಸಮೀಕ್ಷೆಗಳ ಬಲದ ಮೇಲೆ ಚಿತ್ರಸರಣಿಗಳನ್ನು ಹೆಚ್ಚಿಸಿತು. 1937ರಲ್ಲಿ ಅದೇ ಮನೆಯಿಂದ 'ಲುಕ್' ಎಂಬ ಚಿತ್ರಪತ್ರಿಕೆ ಹೊರಟಿತು.

1930ರ ದಶಕದಲ್ಲಿ ಡೇನಿಯಲ್ ಸ್ಟಾರ್ಚ್ ಜಾಹೀರಾತುಗಳಿಗೆ ಮೂರು ಮೆಟ್ಟಿಲುಗಳ ಅಳತೆ ತಂದರು. ಜಾಹೀರಾತನ್ನು ಕಂಡವರೆಷ್ಟು, ಅದು ಯಾರದೆಂದು ಗುರುತಿಸಿದವರೆಷ್ಟು, ಬರಹದ ಅರ್ಧಕ್ಕಿಂತ ಹೆಚ್ಚು ಭಾಗ ಓದಿದವರೆಷ್ಟು ಎಂಬುದು ಆ ಅಳತೆ. ಮೊದಲ ಮೆಟ್ಟಿಲಿನಲ್ಲೇ ಜನ ಕಡಿಮೆಯಾದರೆ ಚಿತ್ರವೋ ತಲೆಬರಹವೋ ಸೋತಿದೆ, ಮೂರನೆಯದರಲ್ಲಿ ಕುಸಿದರೆ ಬರಹ ಸೋತಿದೆ. ಒಟ್ಟು ಸಂಖ್ಯೆಯನ್ನು ಬಿಟ್ಟು ಎರಡು ಮೆಟ್ಟಿಲುಗಳ ನಡುವಿನ ಕುಸಿತವನ್ನು ನೋಡುವ ಈ ಜಾಣತನವೇ ಇಂದಿಗೂ ಸ್ಲೈಡ್ ಲೆಕ್ಕದ ತಿರುಳು.

ಪರದೆಯ ಕಾಲದಲ್ಲಿ ಇದಕ್ಕೆ ಮೊದಲು ಒದಗಿಬಂದದ್ದು ವಿಡಿಯೊ. 2008ರಲ್ಲಿ ಯೂಟ್ಯೂಬ್ ತನ್ನ ವಿಡಿಯೊ ಹಾಕುವವರಿಗೆ ನೋಡುಗರ ಗಮನ ಎಲ್ಲಿ ಏರಿ ಎಲ್ಲಿ ಇಳಿಯಿತೆಂಬ ರೇಖೆಯನ್ನು ತೋರಿಸತೊಡಗಿತು. ಇನ್‌ಸ್ಟಾಗ್ರಾಮ್‌ನಲ್ಲಿ ಬೇರೆ ಬೇರೆ ತುಣುಕುಗಳು ಬೇರೆ ಬೇರೆ ಸಮಯಕ್ಕೆ ಬಂದವು. ಪೋಸ್ಟನ್ನು ಉಳಿಸಿಕೊಳ್ಳುವ ಗುಂಡಿ 2016ರ ಡಿಸೆಂಬರ್‌ನಲ್ಲಿ, ಸಾಮಾನ್ಯ ಬಳಕೆದಾರರಿಗೆ ಹತ್ತು ಚಿತ್ರಗಳ ಕೆರೋಸೆಲ್ 2017ರ ಫೆಬ್ರವರಿಯಲ್ಲಿ ಬಂತು. ಅಲ್ಲಿಯವರೆಗೆ ಅದು ಜಾಹೀರಾತುದಾರರಿಗೆ ಮಾತ್ರ ಸಿಗುತ್ತಿತ್ತು. 2019ರಲ್ಲಿ ಹಲವು ದೇಶಗಳಲ್ಲಿ ಲೈಕ್ ಸಂಖ್ಯೆಯನ್ನು ಮರೆಮಾಡುವ ಪ್ರಯೋಗ ನಡೆದಾಗ, ಲೈಕಿನ ಜಾಗದಲ್ಲಿ ಉಳಿಕೆ ಮತ್ತು ಹಂಚಿಕೆಯತ್ತ ಗಮನ ಹೊರಳಿತು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ವಿಷಯ ವಿವರಿಸುವ ಅಕ್ಷರದ ಸ್ಲೈಡುಗಳು ಅಮೆರಿಕದಲ್ಲಿ ಬಹಳ ಹಂಚಿಕೆಯಾದವು. ಚಿತ್ರಕ್ಕಾಗಿ ಹುಟ್ಟಿದ ಜಾಗದಲ್ಲಿ ಓದು ನೆಲೆಯೂರಿತು.

ಒಂದು ದೊಡ್ಡ ಕೊರತೆ ಮಾತ್ರ ಉಳಿಯಿತು. ಉಳಿಕೆ, ಹಂಚಿಕೆ ಎರಡೂ ಇಡೀ ಪೋಸ್ಟಿನ ಲೆಕ್ಕಕ್ಕೆ ಸೇರುತ್ತವೆ, ಸ್ಲೈಡಿಗಲ್ಲ. ಇನ್‌ಸ್ಟಾಗ್ರಾಮ್ ಎಪಿಐನಲ್ಲಿ `saved`, `shares` ಎಂದು ಕಾಣುವ ಅಂಕಿಗಳು ಪೋಸ್ಟಿಗೊಂದೇ. ಕೆರೋಸೆಲ್ ಒಳಗಿನ ಬಿಡಿ ಚಿತ್ರಗಳಿಗೆ ಅದು ಅಂಕಿಗಳನ್ನು ಕೊಡುವುದಿಲ್ಲ. ಹಾಗಾಗಿ ಅನುಭವಸ್ಥರು ಅದೇ ಸ್ಲೈಡುಗಳನ್ನು ಸ್ಟೋರಿಯಲ್ಲೂ ಹಾಕಿ ನೋಡುತ್ತಾರೆ. ಸ್ಟೋರಿಯಲ್ಲಿ ಪ್ರತಿ ಸ್ಲೈಡೂ ಪ್ರತ್ಯೇಕ ಪೋಸ್ಟು. ಅದನ್ನು ನೋಡಿದವರ ಸಂಖ್ಯೆಯ ಜೊತೆಗೆ ಮುಂದೆ ಹೋದದ್ದು `TAP_FORWARD`, ಹಿಂದೆ ಬಂದದ್ದು `TAP_BACK`, ಹೊರಬಿದ್ದದ್ದು `TAP_EXIT` ಎಂದು ಬೇರೆ ಬೇರೆಯಾಗಿ ಸಿಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ದಾಖಲೆ ರೂಪದ ಜಾಹೀರಾತು ಹಾಕಿದವರಿಗೆ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಓದಿದವರ ಲೆಕ್ಕ ದೊರೆಯುತ್ತದೆ.

ಓದುವ ರೀತಿಯನ್ನು ಒಂದು ಕಲ್ಪಿತ ಸರಣಿಯಲ್ಲಿ ನೋಡಬಹುದು. ಜಮೀನಿನ ಪಹಣಿ ಓದುವುದು ಹೇಗೆಂದು ಏಳು ಸ್ಲೈಡುಗಳಲ್ಲಿ ಕನ್ನಡದಲ್ಲಿ ಬರೆದದ್ದೆಂದುಕೊಳ್ಳೋಣ. ಸ್ಲೈಡುಗಳನ್ನು ನೋಡಿದವರು ಕ್ರಮವಾಗಿ 1000, 820, 760, 710, 430, 400, 380. ಮೇಲ್ನೋಟಕ್ಕೆ 430ಕ್ಕೆ ಕುಸಿದ ಐದನೆಯ ಸ್ಲೈಡೇ ಅಪರಾಧಿಯಂತೆ ಕಾಣುತ್ತದೆ. ಅದು ತಪ್ಪು. ಐದನೆಯದನ್ನು ಕಾಣದೆ ಹೋದವರಿಗೆ ಐದನೆಯದು ಇಷ್ಟವಾಗಲಿಲ್ಲ ಎನ್ನಲಾಗದು. ಅವರು ಕೊನೆಯದಾಗಿ ಕಂಡದ್ದು ನಾಲ್ಕನೆಯದನ್ನು. ಪ್ರತಿ ಸ್ಲೈಡಿನಿಂದ ಮುಂದಿನದಕ್ಕೆ ಹೋದವರ ಪ್ರಮಾಣ ತೆಗೆದರೆ ಚಿತ್ರ ಸ್ಪಷ್ಟವಾಗುತ್ತದೆ: ಮೊದಲನೆಯದರಿಂದ ಶೇ. 82, ಎರಡು ಮತ್ತು ಮೂರರಿಂದ ಶೇ. 93, ನಾಲ್ಕರಿಂದ ಶೇ. 61, ಆಮೇಲೆ ಮತ್ತೆ ಶೇ. 93, ಶೇ. 95. ತಿದ್ದಬೇಕಾದದ್ದು ನಾಲ್ಕನೆಯ ಸ್ಲೈಡ್. ಮೊದಲನೆಯದರ ಶೇ. 82ಕ್ಕೆ ಗಾಬರಿ ಬೇಡ. ಸುಮ್ಮನೆ ಇಣುಕಿ ಹೋಗುವವರು ಅಲ್ಲೇ ಕಳಚಿಕೊಳ್ಳುವುದರಿಂದ ಅದನ್ನು ಹಳೆಯ ಸರಣಿಗಳ ಮೊದಲ ಸ್ಲೈಡಿಗೇ ಹೋಲಿಸಬೇಕು. ಕೊನೆಯ ಸ್ಲೈಡಿನಲ್ಲಿ ಹೊರಬೀಳುವುದಂತೂ ಸಹಜ.

ಏನನ್ನು ತಿದ್ದಬೇಕೆಂಬುದಕ್ಕೆ `TAP_BACK` ನೋಡಬೇಕು. ಐದನೆಯ ಸ್ಲೈಡಿನಲ್ಲಿ ಅದು ಏರಿದ್ದರೆ ಓದುಗರು ನಾಲ್ಕಕ್ಕೆ ಮರಳುತ್ತಿದ್ದಾರೆ: ವಿಷಯ ಬೇಕಾಗಿದೆ, ಆದರೆ ಒಂದು ಸಲಕ್ಕೆ ದಕ್ಕಲಿಲ್ಲ. ಹಿಂದೆ ಬಂದವರಿಲ್ಲದೆ ನಾಲ್ಕರಲ್ಲಿ ಹೊರಬಿದ್ದವರೇ ಹೆಚ್ಚಿದ್ದರೆ ಆ ವಿಷಯವೇ ಅವರಿಗೆ ಬೇಕಿರಲಿಲ್ಲ. ನಮ್ಮ ಸರಣಿಯಲ್ಲಿ ಮೊದಲನೆಯ ಲಕ್ಷಣ ಕಂಡಿತೆನ್ನೋಣ. ನಾಲ್ಕನೆಯ ಸ್ಲೈಡ್ ಪಹಣಿಯ ಕಾಲಂಗಳನ್ನೆಲ್ಲ ಸಣ್ಣ ಅಕ್ಷರದಲ್ಲಿ ತುಂಬಿಕೊಂಡಿದೆ. ಮಾಲೀಕರ ಹೆಸರಿರುವ ಕಾಲಂ 9ಕ್ಕೆ ಒಂದು ಸ್ಲೈಡ್, ಸಾಲ ಮತ್ತು ಋಣಭಾರ ಕಾಣುವ ಕಾಲಂ 11ಕ್ಕೆ ಇನ್ನೊಂದು ಸ್ಲೈಡ್ ಕೊಟ್ಟು, ಉಳಿದವನ್ನು ಕೈಬಿಡುವುದು ಸರಿಯಾದ ತಿದ್ದುಪಡಿ. ಸಾಲುಗಳನ್ನು ಚಂದಗೊಳಿಸಿದರೆ ಈ ರೋಗ ವಾಸಿಯಾಗದು.

ಉಳಿಕೆ ಮತ್ತು ಹಂಚಿಕೆ ಇಲ್ಲಿ ಸಾಕ್ಷಿ ನುಡಿಯುತ್ತವೆ. ಎರಡನ್ನೂ ಪೋಸ್ಟ್ ತಲುಪಿದವರ ಸಂಖ್ಯೆಯಿಂದ ಭಾಗಿಸಿ ನೋಡಬೇಕು. ಇಲ್ಲದಿದ್ದರೆ ಹೆಚ್ಚು ಜನರಿಗೆ ಕಂಡ ಪೋಸ್ಟೇ ಯಾವಾಗಲೂ ಗೆಲ್ಲುತ್ತದೆ. ನಡುವೆ ಓದು ಬಿಟ್ಟವರು ಹೆಚ್ಚಿದ್ದೂ ಉಳಿಕೆ ಚೆನ್ನಾಗಿದ್ದರೆ, ಕೆಲವರು ಆಮೇಲೆ ಓದೋಣವೆಂದು ಎತ್ತಿಟ್ಟುಕೊಂಡಿರಬಹುದು. ಆ ಸರಣಿಯನ್ನು ಕಡಿದು ಚಿಕ್ಕದು ಮಾಡುವ ಮೊದಲು ಯೋಚಿಸಬೇಕು. ಉಳಿಕೆ ಇದ್ದು ಹಂಚಿಕೆ ಇಲ್ಲದಿದ್ದರೆ ನಾನು ಮೊದಲು ನೋಡುವುದು ಮುಖಪುಟದ ಸ್ಲೈಡನ್ನು. ಹಂಚಿಕೆ ಪಡೆದವರ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದು ಅದೇ. 'ಪಹಣಿಯ ಕಾಲಂಗಳ ವಿವರ' ಎಂಬುದು ತನಗಾಗಿ ಇಟ್ಟುಕೊಳ್ಳುವ ತಲೆಬರಹ. 'ಜಮೀನು ಕೊಳ್ಳುವ ಮುನ್ನ ಪಹಣಿಯಲ್ಲಿ ಇದನ್ನು ನೋಡಿ' ಎಂಬುದು ಅಣ್ಣನಿಗೋ ಭಾವನಿಗೋ ಕಳಿಸಬೇಕೆನಿಸುವ ತಲೆಬರಹ.

ಲೆಕ್ಕ ದಾರಿ ತಪ್ಪಿಸುವ ಕಡೆಗಳೂ ಇವೆ. ಒಮ್ಮೆ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಅದೇ ಕೆರೋಸೆಲ್ ಅನ್ನು ಎರಡನೆಯ ಸ್ಲೈಡಿನಿಂದ ಮತ್ತೆ ತೋರಿಸುವುದುಂಟು. ಆದ್ದರಿಂದ 'ಹಿಂದೆ ಹೇಳಿದಂತೆ' ಎಂದು ಶುರುವಾಗುವ ಎರಡನೆಯ ಸ್ಲೈಡ್ ಅಲ್ಲಿ ಬಾಗಿಲಲ್ಲೇ ಎಡವುತ್ತದೆ, ಸ್ಟೋರಿಯ ಅಂಕಿಯಲ್ಲಿ ಮಾತ್ರ ಈ ದೋಷ ಕಾಣುವುದಿಲ್ಲ. ಸ್ಟೋರಿ ನೋಡುವವರು ಬಹುಪಾಲು ಹಳೆಯ ಹಿಂಬಾಲಕರು. ಕೆರೋಸೆಲ್ ಹೊಸಬರನ್ನೂ ಮುಟ್ಟುವುದರಿಂದ ಒಂದರ ಅಂಕಿ ಇನ್ನೊಂದಕ್ಕೆ ಹಾಗೇ ಹೊಂದುವುದಿಲ್ಲ. ಕೊನೆಯ ಸ್ಲೈಡಿಗೆ ನಲವತ್ತೇ ಜನ ತಲುಪುವ ಸರಣಿಯಲ್ಲಿ ಮೂರು ಮಂದಿ ಕಡಿಮೆಯಾದದ್ದಕ್ಕೆ ಕಾರಣ ಹುಡುಕುವುದು ವ್ಯರ್ಥ; ಅಂಥಲ್ಲಿ ಒಂದೇ ಬಗೆಯ ನಾಲ್ಕಾರು ಸರಣಿಗಳನ್ನು ಕೂಡಿಸಿ ನೋಡಬೇಕು. ತಿದ್ದಿದ ಮೇಲೂ ಒಂದು ಸಲಕ್ಕೆ ಒಂದೇ ಸ್ಲೈಡನ್ನು ಬದಲಿಸಿ ಹಾಕಬೇಕು. ಮುಖಪುಟವನ್ನೂ ನಾಲ್ಕನೆಯದನ್ನೂ ಒಟ್ಟಿಗೆ ಬದಲಿಸಿದರೆ, ಉಳಿಕೆ ಏರಿದ್ದು ಯಾವುದರಿಂದ ಎಂದು ಹೇಳಲು ಯಾವ ಅಂಕಿಯಿಂದಲೂ ಆಗುವುದಿಲ್ಲ.