ಹೊಸ ಪಾಲಿಸಿ ರೊಕ್ಕ, ರಿನ್ಯೂವಲ್ ರೊಕ್ಕ

ನಮ್ಮ ಓಣ್ಯಾಗ ಒಂದು ಕಾಲಕ್ಕ ನಾಲ್ಕೈದು ಮನಿ ಎಲ್‌ಐಸಿ ಏಜೆಂಟರವು ಇದ್ದವು. ಅದರಾಗ ನಮ್ಮದೂ ಒಂದು. ಮಾವನವರು ಸೈಕಲ್ ಮ್ಯಾಲೆ ಊರೂರು ತಿರುಗಿ ಪಾಲಿಸಿ ಮಾಡಸ್ತಿದ್ರು, ಮನಿ ಲೆಕ್ಕ ಅತ್ತಿಯವರ ಕೈಯಾಗ ಇತ್ತು. ಪಗಾರ ಅಂತ ಒಂದು ಪೈಸಾ ಇಲ್ಲ, ಬಂದದ್ದೆಲ್ಲಾ ಕಮಿಷನ್. ಈಗ ನಮ್ಮ ಬಳಗದಾಗ ಎಷ್ಟೋ ಹೆಣ್ಮಕ್ಕಳು ತಾವs ಏಜೆಂಟರಾಗ್ಯಾರ. ಅವರಿಗೆ ಈ ರೊಕ್ಕದ ಹಿಂದಿನ ಇತಿಹಾಸ ಗೊತ್ತಿದ್ರ ಮನಿ ನಡೆಸೋದು ಹಗುರಾಗ್ತದ ಅಂತ ಇದನ್ನ ಬರಿಯಾಕತ್ತೀನಿ.

ಮೊದಲು ವಿಮೆ ಅನ್ನೋದು ಖಾಸಗಿ ಕಂಪನಿಗಳ ಕೈಯಾಗ ಇತ್ತು. ಕಂಪನಿಗಳು ಬಹಳ, ಪೈಪೋಟಿನೂ ಬಹಳ. ಗಿರಾಕಿ ಹಿಡಿಯಾಕ ಏಜೆಂಟರು ತಮ್ಮ ಕಮಿಷನ್‌ದಾಗಿಂದ ಒಂದು ಪಾಲು ಗಿರಾಕಿಗೇ ತಿರುಗಿ ಕೊಡ್ತಿದ್ರು. ಇದಕ್ಕ ರಿಬೇಟ್ ಅಂತಾರ. 1938ರ ವಿಮಾ ಕಾಯ್ದೆಯ 41ನೇ ಕಲಮು ಇದನ್ನ ಅಪರಾಧ ಅಂತ ಮಾಡಿತು. ಆಮ್ಯಾಲೆ 1950ರಾಗ ಕಾಯ್ದೆ ತಿದ್ದಿ, ಕಮಿಷನ್ ಎಷ್ಟು ಕೊಡಬಹುದು ಅನ್ನೋದಕ್ಕ ಮಿತಿ ಹಾಕಿದ್ರು: ಮೊದಲ ವರ್ಷದ ಕಂತಿನ ಮ್ಯಾಲೆ ಸಾಮಾನ್ಯವಾಗಿ ನೂರಕ್ಕ 35, ಎರಡು ಮತ್ತು ಮೂರನೇ ವರ್ಷ ಏಳೂವರೆ, ಅಲ್ಲಿಂದ ಮುಂದ 5. 1956ರ ಸೆಪ್ಟೆಂಬರ್ 1ಕ್ಕ ಆ ಕಂಪನಿಗಳನ್ನೆಲ್ಲಾ ಕೂಡಿಸಿ ಜೀವ ವಿಮಾ ನಿಗಮ ಆತು. ಆದ್ರೂ ಈ ಮೂರು ಮೆಟ್ಟಿಲ ಹಂಗs ಉಳದವು. ಹದಿನೈದು ವರ್ಷಕ್ಕ ಮ್ಯಾಲಿನ ಸಾಧಾರಣ ಪಾಲಿಸಿಗೆ ನಮ್ಮ ಮನಿಗೆ ಬರ್ತಿದ್ದದ್ದು ಮೊದಲ ವರ್ಷ ನೂರಕ್ಕ 25, ಮುಂದ ಎರಡು ವರ್ಷ ಏಳೂವರೆ, ಆಮ್ಯಾಲೆ ಕಂತು ಕಟ್ಟೋತನಕ 5. ಇದರ ಜೋಡಿ ಬೋನಸ್ ಕಮಿಷನ್ ಅಂತ ಬ್ಯಾರೆ ಇತ್ತು. ಲೆಕ್ಕ ಹಗುರಾಗಲಿ ಅಂತ ಅದನ್ನ ಇಲ್ಲಿ ಬಿಟ್ಟೀನಿ.

ಈ ಮೆಟ್ಟಿಲಿನಾಗs ಏಜೆಂಟರ ಸಂಸಾರದ ಸುಖ ದುಃಖ ಎಲ್ಲಾ ಐತಿ. ಹೆಂಗ ಅಂತ ದುಂಡ ಅಂಕಿ ಹಿಡದು ಹೇಳ್ತೀನಿ. 1986ರಾಗ ಒಬ್ಬರು ಏಜೆಂಟರಾದ್ರು ಅನ್ರಿ. ಪ್ರತಿ ವರ್ಷ ಒಂದು ಲಕ್ಷ ರೂಪಾಯಿ ಕಂತಿನ ಹೊಸ ಪಾಲಿಸಿ ತರ್ತಾರ, ಹೆಚ್ಚಿಲ್ಲ, ಕಡಿಮಿ ಇಲ್ಲ. ಮೊದಲ ವರ್ಷ ಕೈಗೆ ಬಂದದ್ದು 25,000. ಎರಡನೇ ವರ್ಷ ಹೊಸಾದರ 25,000ದ ಜೋಡಿ ಹಳೇದರ ರಿನ್ಯೂವಲ್ 7,500. ಹಿಂಗ ವರ್ಷಾ ಒಂದೊಂದು ಪದರು ಕೂಡ್ತಾ ಹೋಗಿ, ಹತ್ತನೇ ವರ್ಷ, ಅಂದ್ರ 1995ಕ್ಕ, ಹೊಸಾದರಿಂದ ಅದs 25,000. ಹಳೇ ಒಂಬತ್ತು ವರ್ಷದ ಪಾಲಿಸಿಗಳಿಂದ 50,000. ದುಡಿಮಿ ಒಂದs, ಆದ್ರ ಹಳೇ ದುಡಿಮಿ ಹೊಸಾದಕ್ಕಿಂತ ಎರಡು ಪಟ್ಟು ಕೊಡಾಕತ್ತಿತು.

ಆದ್ರ ಈ 50,000 ಬರೋದು ಎಲ್ಲಾ ಗಿರಾಕಿಗಳೂ ಬಿಡದ ಕಂತು ಕಟ್ಟಿದ್ರ ಮಾತ್ರ. ಗಿರಾಕಿ ಕಟ್ಟಲಿಲ್ಲಾ ಅಂದ್ರ ಏಜೆಂಟಂಗ ಕಮಿಷನ್ ಇಲ್ಲ. ವರ್ಷದ್ದು, ಆರು ತಿಂಗಳದ್ದು, ಮೂರು ತಿಂಗಳದ್ದು ಯಾವ ಕಂತಿದ್ರೂ ತಾರೀಖು ಆದ ಮ್ಯಾಲೆ ಒಂದು ತಿಂಗಳು ಸವಲತ್ತು ಇರ್ತದ. ಅದೂ ದಾಟಿತಂದ್ರ ಪಾಲಿಸಿ ಲ್ಯಾಪ್ಸ್. ನಾಲ್ಕು ಪಾಲಿಸಿಯೊಳಗ ಒಂದು ಮೊದಲ ವರ್ಷ ಮುಗದ ಕೂಡಲೇ ಬಿದ್ದು ಹೋತು ಅಂತ ತಿಳೀರಿ. ಹತ್ತನೇ ವರ್ಷದ ರಿನ್ಯೂವಲ್ 50,000 ಹೋಗಿ 37,500 ಆಗ್ತದ. ಹನ್ನೆರಡೂವರೆ ಸಾವಿರ ಅಂದ್ರ ಆಗಿನ ಕಾಲಕ್ಕ ಮನಿಯ ಎಷ್ಟೋ ತಿಂಗಳ ಕಿರಾಣಿ!

ಯಾವ ಪಾಲಿಸಿ ಬೀಳ್ತಾವ? ರಿಬೇಟ್ ಕೊಟ್ಟು ಮಾಡಿಸಿದವು. ಮೊದಲ ಕಂತು ಏಜೆಂಟನs ಅರ್ಧ ತುಂಬಿದ ಅಂತ ಪಾಲಿಸಿ ತಗೊಂಡಾವ, ಎರಡನೇ ಕಂತು ಪೂರಾ ತನ್ನ ಕಿಸೇದಿಂದ ಕೊಡೋ ವ್ಯಾಳ್ಯಾ ಬಂದಾಗ ಹಿಂದ ಸರೀತಾನ. ಕಾನೂನಿನ ಮಾತು ಬಿಡ್ರಿ, ಮನಿ ಲೆಕ್ಕದಾಗೂ ಅದು ಎರಡು ಕಡೆ ಲುಕ್ಸಾನು. ಮೊದಲ ವರ್ಷದ ಕಮಿಷನ್‌ನೂ ಹೋತು, ಮುಂದಿನ ರಿನ್ಯೂವಲ್‌ನೂ ಹೋತು. ಓಣಿಯ ಇನ್ನೊಂದು ಮನಿಯಾಗ ಹಿಂಗs ಆಗ್ತಿತ್ತು. ಮಾರ್ಚ್ ತಿಂಗಳದಾಗ ಅವರ ಮನಿಗೆ ಹೊಸ ಸೀರಿ, ಹೊಸ ಪಾತ್ರಿ ಬರ್ತಿದ್ವು. ಆಷಾಢದಾಗ ಆ ಬಾಯಾರು ನಮ್ಮ ಅತ್ತಿಯವರ ಹತ್ರ ಜ್ವಾಳ ಕಡಾ ಒಯ್ತಿದ್ರು.

ಮಾರ್ಚ್ ಯಾಕಂದ್ರ, ಪಗಾರದ ಮಂದಿ ಟ್ಯಾಕ್ಸ್ ಉಳಸಾಕ ಕಡೀ ಗಳಿಗಿಗೆ ಪಾಲಿಸಿ ಮಾಡಸ್ತಿದ್ರು. ಜನವರಿಯಿಂದ ಮಾರ್ಚ್‌ತನಕ ಸುಗ್ಗಿ. ಏಪ್ರಿಲ್‌ದಿಂದ ಕೆಲಸ ಇಳೀತಿತ್ತು, ಆಷಾಢದಾಗ ಹೊಸ ಪಾಲಿಸಿ ಅಂದ್ರ ಮಂದಿ ಮುಂದಕ್ಕ ಹಾಕ್ತಿದ್ರು. ಅದs ಜೂನ್ ತಿಂಗಳದಾಗ ಸಾಲಿ ಫೀ, ಪುಸ್ತಕ, ಮಕ್ಕಳ ಅಂಗಿ. ರೊಕ್ಕ ಬರೋ ಹೊತ್ತು ಒಂದು, ಬೇಕಾಗೋ ಹೊತ್ತು ಇನ್ನೊಂದು.

ಅತ್ತಿಯವರು ಇದಕ್ಕ ಹಿಡಿದ ದಾರಿ ಹಿಂಗಿತ್ತು. ಯುಗಾದಿ ಮುಗದ ಮ್ಯಾಲೆ ಮಾವನವರ ಡೈರಿ ತಗೊಂಡು, ಯಾವ ತಿಂಗಳು ಯಾರ ಕಂತು ಬರ್ತದ ಅಂತ ಹನ್ನೆರಡು ಹಾಳಿಯಾಗ ಬರೀತಿದ್ರು. ಎಲ್ಲಾ ಕೂಡಿಸಿ ವರ್ಷದ ರಿನ್ಯೂವಲ್ ಎಷ್ಟು ಅಂತ ತಗದು, ಅದರಾಗ ನಾಲ್ಕನೇ ಪಾಲು ಬರೂದಿಲ್ಲ ಅಂತನs ಹಿಡದು ಬಿಡ್ತಿದ್ರು. 50,000 ಬರೋದಿದ್ರ 37,500 ಅಂತ ಲೆಕ್ಕ. ಅದನ್ನ ಹನ್ನೆರಡಕ್ಕ ಭಾಗಿಸಿದ್ರ ತಿಂಗಳಿಗೆ 3,100ರ ಸುಮಾರು. ಅಷ್ಟs ಮನಿಯ ಪಗಾರ. ಬಂದ ಕಮಿಷನ್ ಎಲ್ಲಾ ಒಂದು ಪಾಸ್‌ಬುಕ್ಕಿಗೆ ಹೋಗಬೇಕು, ಒಂದನೇ ತಾರೀಖಿಗೆ 3,100 ತಗೀಬೇಕು. ಒಂದು ತಿಂಗಳು 6,000 ಬಂದ್ರೂ ಅಷ್ಟs, 900 ಬಂದ್ರೂ ಅಷ್ಟs.

ಹೊಸ ಪಾಲಿಸಿ ರೊಕ್ಕಕ್ಕ ಕಿರಾಣಿ ಅಂಗಡಿ ದಾರಿ ತೋರಸ್ತಿರಲಿಲ್ಲ. ಅದರಾಗ ಮೊದಲು ಮಾವನವರ ತಿರುಗಾಟದ ಖರ್ಚು, ಆಮ್ಯಾಲೆ ಟ್ಯಾಕ್ಸ್, ಆಮ್ಯಾಲೆ ಜೂನ್‌ದ ಫೀ. ಉಳದದ್ದು ಮೂರು ತಿಂಗಳ ಮನಿಖರ್ಚು ಆಗೋತನಕ ಪಾಸ್‌ಬುಕ್ಕಿನಾಗs ಕೂಡಬೇಕು. ಅಲ್ಲಿಂದ ಮ್ಯಾಲಿಂದು ಬಂಗಾರಕ್ಕೋ ಮನಿ ರಿಪೇರಿಗೋ.

ಆದ್ರ ಈ ಪದ್ಧತಿ ಮೊದಲ ಮೂರು ನಾಲ್ಕು ವರ್ಷ ನಡಿಯೂದಿಲ್ಲ ನೋಡ್ರಿ. ಮ್ಯಾಲಿನ ಲೆಕ್ಕದಾಗs ಎರಡನೇ ವರ್ಷದ ರಿನ್ಯೂವಲ್ ಬರೇ 7,500. ಅದರ ಮ್ಯಾಲೆ ಒಲಿ ಹೊತ್ತೂದಿಲ್ಲ. ನಮ್ಮಲ್ಲಿ ಆಗ ಎರಡು ಎಕರೆ ಹೊಲ ಇತ್ತು, ನಡೀತು. ಎಷ್ಟೋ ಮಂದಿ ಆ ವರ್ಷಗಳೊಳಗs ಏಜೆನ್ಸಿ ಬಿಟ್ಟದ್ದು ಇದs ಕಾರಣಕ್ಕ. ಹೊಸದಾಗಿ ಸೇರೋರು ಮನಿಯಾಗ ಇನ್ನೊಂದು ಆದಾಯ ಐತೇನು ಅಂತ ಮೊದಲು ನೋಡ್ರಿ.

ಇನ್ನೊಂದು ಮಾತು ಹೆಂಗಸರು ತಿಳಕೊಂಡಿರಬೇಕು. 1938ರ ಕಾಯ್ದೆಯ 44ನೇ ಕಲಮಿನಾಗ, ಇಂತಿಷ್ಟು ವರ್ಷ ಬಿಡದ ದುಡದ ಏಜೆಂಟ ಕೆಲಸ ಬಿಟ್ಟ ಮ್ಯಾಲೂ ರಿನ್ಯೂವಲ್ ನಿಲ್ಲಸಬಾರದು, ತೀರಿಕೊಂಡ್ರ ವಾರಸದಾರರಿಗೆ ಕೊಡಬೇಕು ಅಂತ ಬರದಿದ್ರು. ಐದು ವರ್ಷ, ಹತ್ತು ವರ್ಷ ಅಂತ ಶರತ್ತು ಇದ್ದವು. ಮಾವನವರು ಹೋದ ಮ್ಯಾಲೆ ಅತ್ತಿಯವರ ಹೆಸರಿಗೆ ರಿನ್ಯೂವಲ್ ಬರ್ತಿತ್ತು. ವರ್ಷಾ ವರ್ಷಾ ಕಡಿಮಿ ಆಗ್ತಾ ಹೋತು, ಯಾಕಂದ್ರ ಹಳೇ ಪಾಲಿಸಿ ಮುಗೀತಾವ, ಹೊಸಾವು ಕೂಡೂದಿಲ್ಲ. ಆದ್ರೂ ಮಕ್ಕಳ ಮುಂದ ಅವರು ಕೈ ಚಾಚಲಿಲ್ಲ. ನಿಮ್ಮ ಏಜೆನ್ಸಿಯೊಳಗ ನಾಮಿನಿ ಹೆಸರು ಬರಸೀರೇನು, ಈಗಿನ ಶರತ್ತು ಏನು, ಬ್ರಾಂಚಿಗೆ ಹೋಗಿ ಕೇಳಿ ಬರ್ರಿ.

2024ರ ಅಕ್ಟೋಬರ್‌ದಾಗ ಎಲ್‌ಐಸಿ ಮೊದಲ ವರ್ಷದ ಕಮಿಷನ್ ಇಳಿಸಿ ರಿನ್ಯೂವಲ್ ಏರಿಸಿತು. ಏಜೆಂಟರು ಸಿಟ್ಟಾದ್ರು, ಹೊಸಬರಿಗೆ ಅದು ಹೊಡತನs. ಹಳೇ ಗಿರಾಕಿಗಳನ್ನ ಹಿಡದು ಇಟ್ಟುಕೊಂಡವರಿಗೆ ಮಾತ್ರ ಮುಂದ ಪಗಾರ ದೊಡ್ಡದಾಗ್ತದ. ಅದಕ್ಕs ಕಂತಿನ ತಾರೀಖಿಗೆ ಹದಿನೈದು ದಿವಸ ಮೊದಲು ಒಂದು ಫೋನ್ ಮಾಡ್ರಿ. ಅತ್ತಿಯವರು ಆಗ ಕಾರ್ಡ್ ಬರದು ಹಾಕ್ತಿದ್ರು.