ಸಿ ಅಕ್ಷರದ ಚರಿತ್ರೆ: ಪಾರ್ಶ್ವವಾಯು ಪುನಶ್ಚೇತನದಲ್ಲಿ ಪಿಕೊ ಪ್ರಶ್ನೆ

ಫಿಸಿಯೋಥೆರಪಿ ಸ್ನಾತಕೋತ್ತರ ವಿದ್ಯಾರ್ಥಿ ತನ್ನ ಸಿನಾಪ್ಸಿಸ್‌ನಲ್ಲಿ ತುಂಬುವ ಪಿಕೊ ಚೌಕಟ್ಟು ಹುಟ್ಟಿದ್ದು ಸಂಶೋಧಕರಿಗಾಗಿ ಅಲ್ಲ. 1995ರಲ್ಲಿ ಸ್ಕಾಟ್ ರಿಚರ್ಡ್‌ಸನ್ ಮತ್ತು ಮೂವರು ಸಹಲೇಖಕರು ಎಸಿಪಿ ಜರ್ನಲ್ ಕ್ಲಬ್‌ನಲ್ಲಿ ಅದನ್ನು ಮುಂದಿಟ್ಟಾಗ, ಅವರ ಕಣ್ಣೆದುರು ಇದ್ದವನು ರೋಗಿಯ ಮಂಚದ ಪಕ್ಕ ನಿಂತ ವೈದ್ಯ. ಅವನಿಗೆ ಒಂದು ಸಂದೇಹ ಬಂದಿದೆ, ಗ್ರಂಥಾಲಯದಲ್ಲಿ ಉತ್ತರ ಹುಡುಕಬೇಕು. ರೋಗಿ ಯಾರು, ಏನು ಕೊಡುತ್ತೇವೆ, ಯಾವುದಕ್ಕೆ ಹೋಲಿಸಿ, ಯಾವ ಫಲಕ್ಕಾಗಿ ಎಂದು ನಾಲ್ಕಾಗಿ ಒಡೆದುಕೊಂಡರೆ ಹುಡುಕಾಟ ಸುಲಭವಾಗುತ್ತದೆ. ಅಲ್ಲಿ ಮೂರನೆಯ ಅಕ್ಷರವಾದ ಸಿ, ಅಂದರೆ ಹೋಲಿಕೆ, ಅಗತ್ಯವಿದ್ದರೆ ಮಾತ್ರ ತುಂಬುವಂಥದ್ದು. ವೈದ್ಯನಿಗೆ ಈ ಸಡಿಲಿಕೆಯಿಂದ ತೊಂದರೆ ಇರಲಿಲ್ಲ. ಅದೇ ಚೌಕಟ್ಟು ಪ್ರಬಂಧಗಳಿಗೆ ಬಂದಾಗ ಸಡಿಲಿಕೆಯೂ ಜೊತೆಗೇ ಬಂತು. ಸಿ ಜಾಗದಲ್ಲಿ ‘ಕನ್ವೆನ್ಷನಲ್ ಫಿಸಿಯೋಥೆರಪಿ’ ಎಂದು ಬರೆದು ಮುಂದೆ ಸಾಗುವುದು ರೂಢಿಯಾಯಿತು. ಪ್ರಬಂಧ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಆ ಎರಡು ಪದಗಳಲ್ಲಿಯೇ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ಒಂದೇ ಚಿಕಿತ್ಸೆಯ ಚರಿತ್ರೆಯನ್ನು ನೋಡೋಣ.

ಕನ್‌ಸ್ಟ್ರೇಂಟ್ ಥೆರಪಿಯ ಬೇರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿದೆ. ಒಂದು ತೋಳಿನ ಸಂವೇದನೆಯ ನರಗಳನ್ನು ಕತ್ತರಿಸಿದರೆ ಕೋತಿ ಆ ತೋಳನ್ನು ಬಳಸುವುದನ್ನೇ ಬಿಡುತ್ತಿತ್ತು. ಒಳ್ಳೆಯ ತೋಳನ್ನು ಕೆಲವು ದಿನ ಕಟ್ಟಿಹಾಕಿದರೆ ಮತ್ತೆ ಬಳಸುತ್ತಿತ್ತು. ತೋಳಿಗೆ ಶಕ್ತಿ ಇಲ್ಲವೆಂದಲ್ಲ, ಆರಂಭದ ಸೋಲುಗಳಿಂದ ಕೋತಿ ಬಳಸದಿರುವುದನ್ನು ಕಲಿತಿದೆ ಎಂದು ಟೌಬ್ ಅರ್ಥೈಸಿದರು. 1993ರಲ್ಲಿ ಅವರ ತಂಡ ಇದನ್ನು ಲಕ್ವ ಹೊಡೆದು ಬಹುಕಾಲವಾದ 9 ಮಂದಿಯಲ್ಲಿ ಪರೀಕ್ಷಿಸಿತು. 4 ಮಂದಿಗೆ 14 ದಿನ, ಎಚ್ಚರವಿರುವ ಹೊತ್ತಿನ ಬಹುಪಾಲು, ಒಳ್ಳೆಯ ಕೈಗೆ ನಿರ್ಬಂಧ, ಜೊತೆಗೆ ಸೋತ ಕೈಗೆ ತರಬೇತಿ. ಉಳಿದ 5 ಮಂದಿಗೆ ಸೋತ ಕೈಯ ಕಡೆ ಗಮನ ಕೊಡಿಸುವಷ್ಟೇ ಕ್ರಮ. ಮೊದಲ ಗುಂಪು ಸ್ಪಷ್ಟವಾಗಿ ಮುಂದಾಯಿತು. ಆದರೆ ಆ ಗುಂಪಿಗೆ ಸಿಕ್ಕ ತರಬೇತಿಯ ಗಂಟೆಗಳು ಎರಡನೆಯ ಗುಂಪಿಗೆ ಸಿಕ್ಕಿರಲಿಲ್ಲ. ಫಲ ಕೊಟ್ಟದ್ದು ಕಟ್ಟಿದ ಕೈಯೇ, ಹೆಚ್ಚು ಅಭ್ಯಾಸವೇ ಎಂಬುದಕ್ಕೆ ಆ ಪ್ರಯೋಗದಲ್ಲಿ ಉತ್ತರವಿಲ್ಲ.

1999ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾನ್ ಡರ್ ಲೀ ಮತ್ತು ಸಂಗಡಿಗರು ಆ ಗಂಟನ್ನೇ ಬಿಚ್ಚಲು ಹೊರಟರು. ಬಹುಕಾಲದ ರೋಗಿಗಳು 66 ಮಂದಿ. ಹೋಲಿಕೆಯ ಗುಂಪಿಗೂ ಅಷ್ಟೇ ತೀವ್ರತೆಯ ತರಬೇತಿ, ಆದರೆ ಎರಡೂ ಕೈಗಳಿಂದ. 57 ಅಂಕಗಳ ಆಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್‌ನಲ್ಲಿ ಗುಂಪುಗಳ ನಡುವೆ ಉಳಿದ ಅಂತರ ಸುಮಾರು 3 ಅಂಕ. ರೋಗಿಗೆ ವ್ಯತ್ಯಾಸ ಅನುಭವಕ್ಕೆ ಬರಲು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 5.7 ಅಂಕ. ಹೋಲಿಕೆ ಬಿಗಿಯಾದಾಗ ಫಲ ಸಣ್ಣದಾಯಿತು.

ಇನ್ನು ಎಲ್ಲರೂ ಉಲ್ಲೇಖಿಸುವ ಎಕ್ಸೈಟ್ ಪ್ರಯೋಗ. ಸ್ಟೀವನ್ ವುಲ್ಫ್ ನೇತೃತ್ವದಲ್ಲಿ ಅಮೆರಿಕದ 7 ಕೇಂದ್ರಗಳಲ್ಲಿ ನಡೆದು 2006ರಲ್ಲಿ ಪ್ರಕಟವಾಯಿತು; ಲಕ್ವ ಹೊಡೆದು 3ರಿಂದ 9 ತಿಂಗಳಾದ 222 ಮಂದಿ. ವುಲ್ಫ್ ಪರೀಕ್ಷೆಯ ಕೆಲಸಗಳಿಗೆ ತಗುಲುವ ಸಮಯ ಚಿಕಿತ್ಸೆಯ ಗುಂಪಿನಲ್ಲಿ ವರ್ಷದೊಳಗೆ 19.3 ಸೆಕೆಂಡಿನಿಂದ 9.3ಕ್ಕೆ ಇಳಿಯಿತು, ಹೋಲಿಕೆಯ ಗುಂಪಿನಲ್ಲಿ 24.0ರಿಂದ 17.7ಕ್ಕೆ. ಇಲ್ಲಿ ಸಿ ಎಂದರೆ ‘ರೂಢಿಯ ಆರೈಕೆ’. ಅದರೊಳಗೆ ಏನೂ ಚಿಕಿತ್ಸೆ ಇಲ್ಲದವರೂ ಇದ್ದರು, ಥೆರಪಿ ಪಡೆಯುತ್ತಿದ್ದವರೂ ಇದ್ದರು. ಇದನ್ನು ದೋಷವೆನ್ನಲಾರೆ. ಈ ಚಿಕಿತ್ಸೆ ಸಿಕ್ಕವರು ಸಿಗದವರಿಗಿಂತ ಚೆನ್ನಾಗಿರುತ್ತಾರೆಯೇ ಎಂಬುದು ಆ ಪ್ರಯೋಗದ ಪ್ರಶ್ನೆ, ಅದಕ್ಕೆ ಉತ್ತರ ಸಿಕ್ಕಿತು. ಕೈ ಕಟ್ಟುವುದೇ ಕಾರಣ ಎಂದು ಹೇಳಲು ಎಕ್ಸೈಟನ್ನು ಉಲ್ಲೇಖಿಸುವವರು ಮಾತ್ರ ಅದು ಕೇಳದ ಪ್ರಶ್ನೆಗೆ ಉತ್ತರ ಪಡೆಯುತ್ತಿದ್ದಾರೆ.

2009ರ ವೆಕ್ಟರ್ಸ್ ಪ್ರಯೋಗ ಪಿ ಅಕ್ಷರವನ್ನು ಬದಲಿಸಿತು. ಲಕ್ವವಾಗಿ ಸುಮಾರು ಹತ್ತು ದಿನಗಳಾಗಿದ್ದ 52 ಮಂದಿಯನ್ನು ಡ್ರೊಮೆರಿಕ್ ತಂಡ ಮೂರು ಗುಂಪು ಮಾಡಿತು: ರೂಢಿಯ ಅಭ್ಯಾಸ 2 ಗಂಟೆ, ಅಷ್ಟೇ ಗಂಟೆಯ ಕನ್‌ಸ್ಟ್ರೇಂಟ್ ಥೆರಪಿ, ಮತ್ತು ಅದರ ಹೆಚ್ಚಿನ ಪ್ರಮಾಣ. 90ನೆಯ ದಿನ ಹೆಚ್ಚಿನ ಪ್ರಮಾಣದ ಗುಂಪೇ ಹಿಂದೆ ಬಿದ್ದಿತ್ತು. ಎಂಟು ತಿಂಗಳ ರೋಗಿಗೆ ಒಳ್ಳೆಯದಾದದ್ದು ಹತ್ತು ದಿನದ ರೋಗಿಗೆ ಹಾಗಾಗಲಿಲ್ಲ. ‘ಪಾರ್ಶ್ವವಾಯು ರೋಗಿಗಳು’ ಎಂದಷ್ಟೇ ಪಿ ಬರೆದರೆ ಏನು ಕಳೆದುಹೋಗುತ್ತದೆಂಬುದು ಇದರಿಂದ ತಿಳಿಯುತ್ತದೆ. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಕಾಲಘಟ್ಟಗಳನ್ನು ಒಪ್ಪಿಕೊಂಡಿತು: 7 ದಿನಗಳಿಂದ 3 ತಿಂಗಳು ಮೊದಲ ಉಪತೀವ್ರ ಹಂತ, 3ರಿಂದ 6 ತಿಂಗಳು ಎರಡನೆಯದು, ಆಮೇಲಿನದು ದೀರ್ಘಕಾಲಿಕ.

ಈಗ ಬೆಂಗಳೂರಿನ ವಿದ್ಯಾರ್ಥಿಯೊಬ್ಬಳ ಸಿನಾಪ್ಸಿಸ್ ಎಂದು ಊಹಿಸಿಕೊಳ್ಳಿ. ಮೊದಲ ಕರಡಿನಲ್ಲಿ ‘ಪಾರ್ಶ್ವವಾಯು ರೋಗಿಗಳಲ್ಲಿ ಕನ್‌ಸ್ಟ್ರೇಂಟ್ ಥೆರಪಿಯ ಪರಿಣಾಮ’ ಎಂದಿದೆ. ಪಿ ಹೀಗೆ ಬಿಗಿಯಾಗುತ್ತದೆ: ಮೊದಲ ಬಾರಿ ಲಕ್ವವಾಗಿ 3ರಿಂದ 6 ತಿಂಗಳಾದ, ಸೋತ ಕೈಯ ಮಣಿಕಟ್ಟನ್ನು 20 ಡಿಗ್ರಿ, ಬೆರಳುಗಳನ್ನು 10 ಡಿಗ್ರಿ ಹಿಂದಕ್ಕೆ ಎತ್ತಬಲ್ಲ ವಯಸ್ಕರು. ಈ ಚಲನೆಯ ಮಿತಿ ಹಳೆಯ ಪ್ರಯೋಗಗಳಿಂದಲೇ ಬಂದದ್ದು. ಬೆರಳು ಸ್ವಲ್ಪವೂ ಬಿಚ್ಚದವರಿಗೆ ಅಭ್ಯಾಸವೇ ಸಾಧ್ಯವಾಗುವುದಿಲ್ಲ. ಐ: ವಾರಕ್ಕೆ 5 ದಿನ, 3 ವಾರ, ದಿನಕ್ಕೆ ಓಪಿಡಿಯಲ್ಲಿ 1 ಗಂಟೆಯ ಕೆಲಸದ ಅಭ್ಯಾಸ, ಮನೆಯಲ್ಲಿ 4 ಗಂಟೆ ಒಳ್ಳೆಯ ಕೈಗೆ ಗವಸು. ಸಿ: ಅದೇ ಒಂದು ಗಂಟೆ, ಅದೇ ಕೆಲಸಗಳು, ಎರಡೂ ಕೈಗಳಿಂದ, ಗವಸಿಲ್ಲದೆ. ಒ: ಯಾರು ಯಾವ ಗುಂಪೆಂದು ತಿಳಿಯದ ಪರೀಕ್ಷಕರು ಮಾಡುವ ಆಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್.

ಮೋಟರ್ ಆಕ್ಟಿವಿಟಿ ಲಾಗ್ ಅನ್ನೇ ಮುಖ್ಯ ಒ ಮಾಡಿಕೊಳ್ಳುವ ಆಸೆ ಸಹಜ, ಏಕೆಂದರೆ ಮನೆಯಲ್ಲಿ ಕೈ ಎಷ್ಟು ಬಳಕೆಯಾಗುತ್ತದೆಂದು ಅದು ಕೇಳುತ್ತದೆ. ಆದರೆ ಉತ್ತರಿಸುವವರು ರೋಗಿಗಳೇ, ತಮ್ಮ ಗುಂಪು ಅವರಿಗೆ ಗೊತ್ತು. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಅದರ ಪ್ರಶ್ನೆಗಳಲ್ಲಿ ಫೋರ್ಕ್, ಚಮಚಗಳ ಬಳಕೆ ಬರುತ್ತದೆ. ಎಡಗೈ ಸೋತವರು ಮೊದಲಿನಿಂದಲೂ ಆ ಕೈಯಲ್ಲಿ ಉಣ್ಣುತ್ತಿರಲಿಲ್ಲ. ಚಿಕಿತ್ಸೆ ಫಲಿಸಿದರೂ ಉಣ್ಣಲಾರರು. ಬಲಗೈಗೆ ಗವಸು ಹಾಕಿಸಿಕೊಂಡವರು ಊಟಕ್ಕೆ ಅದನ್ನು ತೆಗೆಯಲೇಬೇಕು, ಆ ಹೊತ್ತು 4 ಗಂಟೆಯಿಂದ ಕಳೆಯಬೇಕು. ಇದನ್ನು ಸಿನಾಪ್ಸಿಸ್‌ನಲ್ಲೇ ಬರೆದಿಡುವುದು ಒಳ್ಳೆಯದು.

ಪ್ರಶ್ನೆ ಬಿಗಿಯಾದ ಮೇಲೆ ಲೆಕ್ಕ ಕಾಡುತ್ತದೆ. 5.7 ಅಂಕದ ಅಂತರ ಹಿಡಿಯಬೇಕು, ಅಂಕಗಳ ಮಾನಕ ವಿಚಲನೆ 10 ಎಂದು ಊಹಿಸೋಣ. ಶೇಕಡ 80ರ ಶಕ್ತಿಗೆ ಪ್ರತಿ ಗುಂಪಿಗೆ ಸುಮಾರು 50 ಮಂದಿ ಬೇಕಾಗುತ್ತಾರೆ. ವಿದ್ಯಾರ್ಥಿಯ ಕೈಗೆ ಸಿಗುವವರು ಒಟ್ಟು 30 ಮಂದಿಯಾದರೆ, 15 ಮಂದಿಯ ಗುಂಪುಗಳಲ್ಲಿ ಸುಮಾರು 10 ಅಂಕಕ್ಕಿಂತ ಸಣ್ಣ ಅಂತರ ವಿಶ್ವಾಸದಿಂದ ಕಾಣದು. ವಾನ್ ಡರ್ ಲೀಗೆ ಸಿಕ್ಕದ್ದು 3 ಅಂಕ. ಅಂದರೆ ‘ವ್ಯತ್ಯಾಸವಿಲ್ಲ’ ಎಂಬ ತೀರ್ಮಾನ ಮೊದಲೇ ಬರೆದಿಟ್ಟಂತೆ. ಇಂಥಲ್ಲಿ ಸಿ ಅನ್ನು ಮತ್ತೆ ಸಡಿಲಿಸಿ ದೊಡ್ಡ ಅಂತರ ಹುಟ್ಟಿಸುವ ಆಮಿಷ ಬರುತ್ತದೆ, ಬೇಡ. ಬದಲಿಗೆ ಒ ಬದಲಿಸಬಹುದು: ರೋಗಿಗಳು ದಿನಕ್ಕೆ ನಿಜವಾಗಿ ಎಷ್ಟು ಗಂಟೆ ಗವಸು ತೊಟ್ಟರು, ಎಷ್ಟು ಮಂದಿ 3 ವಾರ ಪೂರೈಸಿದರು ಎಂಬ ಸಾಧ್ಯತೆಯ ಪ್ರಶ್ನೆ. 30 ಮಂದಿ ಅದಕ್ಕೆ ಸಾಕು. ಮಾರ್ಗದರ್ಶಕರು ಸಿನಾಪ್ಸಿಸ್‌ಗೆ ಸಹಿ ಹಾಕುವ ಮುನ್ನ ಸಿ ಜಾಗದಲ್ಲಿ ಗಂಟೆಗಳ ಲೆಕ್ಕವಿದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಹಿಂದಿರುಗಿಸಬೇಕು.