ಎಂಬತ್ತು ಬೇರಿಂಗುಗಳ ಲೆಕ್ಕ

ಒಂದು ಸಲಕ್ಕೆ ಎಷ್ಟು ತರಿಸಬೇಕು ಎಂಬ ಪ್ರಶ್ನೆಗೆ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲೇ ಸೂತ್ರ ಕೊಟ್ಟ. ಆದರೆ ಅವನ ಲೆಕ್ಕದಲ್ಲಿ ಸರಕು ಒಂದೇ ವೇಗದಲ್ಲಿ ಖರ್ಚಾಗುತ್ತದೆ. ಹಾಗಾಗಿ ಯಾವಾಗ ತರಿಸಬೇಕು ಎಂಬುದು ಅಲ್ಲಿ ಕಷ್ಟದ ಪ್ರಶ್ನೆಯೇ ಅಲ್ಲ. ಉಗ್ರಾಣ ನೋಡಿಕೊಳ್ಳುವವರಿಗೆ ತಲೆನೋವು ತರುವುದು ಮಾತ್ರ ಅದೇ. ಒಂದು ವಾರ ಇಪ್ಪತ್ತು ಬೇರಿಂಗ್ ಹೋದರೆ ಇನ್ನೊಂದು ವಾರ ನಲವತ್ತು ಹೋಗುತ್ತವೆ; ಮೂರು ವಾರಕ್ಕೆ ಬರಬೇಕಾದ ಮಾಲು ಐದು ವಾರವಾದರೂ ಬಾಗಿಲಿಗೆ ಬಂದಿರುವುದಿಲ್ಲ.

ಈ ಏರುಪೇರಿಗೆ ವೆಚ್ಚ ಲೆಕ್ಕಶಾಸ್ತ್ರ ಕಂಡುಕೊಂಡ ಉತ್ತರವೇ ಬಿ.ಕಾಂ. ಓದಿದವರಿಗೆಲ್ಲ ಗೊತ್ತಿರುವ ಮಟ್ಟಗಳು. ಒಂದು ಗಿರಣಿಯ ಬೇರಿಂಗನ್ನೇ ತೆಗೆದುಕೊಳ್ಳೋಣ. ವಾರಕ್ಕೆ ಬಳಕೆ 20ರಿಂದ 40, ಸಾಮಾನ್ಯವಾಗಿ 30. ಮಾಲು ಬರಲು 3ರಿಂದ 5 ವಾರ, ಸಾಮಾನ್ಯವಾಗಿ 4. ಒಂದು ಆದೇಶಕ್ಕೆ 200. ಬಳಕೆಯೂ ವಿಳಂಬವೂ ಒಟ್ಟಿಗೇ ಮಿತಿ ಮುಟ್ಟಿದರೂ ಕೆಲಸ ನಿಲ್ಲಬಾರದು. ಆದ್ದರಿಂದ ದಾಸ್ತಾನು 40ನ್ನು 5ರಿಂದ ಗುಣಿಸಿದ 200ಕ್ಕೆ ಇಳಿದಾಗಲೇ ಆದೇಶ ಹೋಗಬೇಕು. ಇದು ಮರು ಆದೇಶ ಮಟ್ಟ. ಮಾಲು ಬರುವುದರೊಳಗೆ ಸಾಮಾನ್ಯವಾಗಿ 120 ಖರ್ಚಾಗುತ್ತದೆ, 80 ಉಳಿಯುತ್ತದೆ. ಅದು ಕನಿಷ್ಠ ಮಟ್ಟ. ಬಳಕೆ ತೀರ ಕಡಿಮೆಯಾಗಿ, ಮಾಲೂ ಬೇಗ ಬಂದರೆ ಖರ್ಚು 60 ಮಾತ್ರ. ಉಳಿದ 140ಕ್ಕೆ ಹೊಸ 200 ಸೇರಿ 340. ಇದು ಗರಿಷ್ಠ ಮಟ್ಟ, ಇದರಾಚೆ ಹೋದರೆ ದುಡ್ಡೂ ಜಾಗವೂ ಸುಮ್ಮನೆ ಸಿಕ್ಕಿಕೊಳ್ಳುತ್ತವೆ.

ಅಪಾಯ ಮಟ್ಟ ಬೇರೆ ಜಾತಿಯದು. ಅದನ್ನು ಸಾಮಾನ್ಯ ವಿಳಂಬದಿಂದಲ್ಲ, ತುರ್ತು ಖರೀದಿಗೆ ಹಿಡಿಯುವ ಕಾಲದಿಂದ ಲೆಕ್ಕ ಹಾಕುತ್ತಾರೆ. ಹೆಚ್ಚು ಬೆಲೆ ಕೊಟ್ಟಾದರೂ ಪಕ್ಕದ ಊರಿನಿಂದ ಒಂದು ವಾರದಲ್ಲಿ ತರಿಸಬಹುದಾದರೆ ಅಪಾಯ ಮಟ್ಟ 30. ಅಲ್ಲಿಗೆ ಇಳಿದ ಮೇಲೆ ಮಾಮೂಲಿ ವಿತರಣೆ ನಿಲ್ಲಿಸಿ, ಮುಖ್ಯ ಯಂತ್ರಗಳಿಗೆ ಮಾತ್ರ ಕೊಟ್ಟು, ಖರೀದಿ ವಿಭಾಗವನ್ನು ಎಬ್ಬಿಸಬೇಕು. ಅರ್ಧ ದಿನದಲ್ಲಿ ಸಿಗುವ ವಸ್ತುವಿಗೆ ಈ ಮಟ್ಟ ಹೆಚ್ಚುಕಡಿಮೆ ಶೂನ್ಯ; ವಿದೇಶದಿಂದಲೇ ಬರಬೇಕಾದ ಬಿಡಿಭಾಗಕ್ಕೆ ಅದು ಕನಿಷ್ಠ ಮಟ್ಟವನ್ನೂ ಮೀರಬಹುದು. ಹಾಗೆ ಮೀರಿದರೆ ಕನಿಷ್ಠ ಮಟ್ಟವನ್ನೇ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.

ಈ ವಿಧಾನದ ಗುಣವೂ ದೋಷವೂ ಅತಿ ಕೆಟ್ಟದ್ದನ್ನು ಅತಿ ಕೆಟ್ಟದ್ದರಿಂದ ಗುಣಿಸುವುದೇ. ಐದೂ ವಾರ ಎಡೆಬಿಡದೆ ನಲವತ್ತು ಹೋಗುವುದು ಎಷ್ಟು ಅಪರೂಪ ಎಂದು ಅದು ಕೇಳುವುದಿಲ್ಲ. 1934ರಲ್ಲಿ ಆರ್. ಎಚ್. ವಿಲ್ಸನ್ ಮರು ಆದೇಶದ ಬಿಂದುವಿಗೆ ಸಂಭವನೀಯತೆಯ ಲೆಕ್ಕ ತಂದದ್ದು ಇಲ್ಲಿಗೆ. ಎರಡನೇ ಮಹಾಯುದ್ಧದ ನಂತರ ಗಣಿತಜ್ಞರೂ ಅರ್ಥಶಾಸ್ತ್ರಜ್ಞರೂ ಅದನ್ನು ಬೆಳೆಸಿದರು. ಅವರ ದಾರಿಯಲ್ಲಿ ನಮ್ಮ ಬೇರಿಂಗನ್ನು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ವಾರದ ಬಳಕೆಯ ಮಾನಕ ವಿಚಲನೆ 5, ವಿಳಂಬದ್ದು ಅರ್ಧ ವಾರ ಎಂದಿಟ್ಟುಕೊಳ್ಳಿ.

```
4 × 5²      = 100   (ಬಳಕೆಯಿಂದ)
30² × 0.5²  = 225   (ವಿಳಂಬದಿಂದ)
√325 ≈ 18;  1.65 × 18 ≈ 30
```

ನೂರು ಆದೇಶಗಳಲ್ಲಿ ತೊಂಬತ್ತೈದರಷ್ಟು ಸಲ ಸರಕು ಮುಗಿಯದಿರಲು ಮೂವತ್ತರ ಕಾಪು ಸಾಕು. ಹಳೆಯ ಸೂತ್ರ ಎಂಬತ್ತು ಕೇಳುತ್ತದೆ. ನನಗೆ ಇನ್ನೂ ಮುಖ್ಯವಾಗಿ ಕಂಡದ್ದು ಎರಡನೇ ಸಾಲು: ಅನಿಶ್ಚಿತತೆಯ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಾಲು ಬರುವ ದಿನದ್ದು, ಬಳಕೆಯದ್ದಲ್ಲ. ಈ ಗಿರಣಿಯ ದಾಸ್ತಾನು ಇಳಿಯಬೇಕಾದರೆ ಕೆಲಸಗಾರರ ಮೇಲೆ ರೇಗುವುದಕ್ಕಿಂತ ಹೇಳಿದ ದಿನಕ್ಕೆ ತಲುಪಿಸುವ ಸರಬರಾಜುದಾರನನ್ನು ಹುಡುಕುವುದು ಲೇಸು. ಟೊಯೋಟಾದ ಕಾನ್‌ಬಾನ್ ಕಾರ್ಡುಗಳ ಸಂಖ್ಯೆಯೂ ಬಳಕೆ ಮತ್ತು ಮಾಲು ಬರುವ ಕಾಲದ ಗುಣಾಕಾರದಿಂದಲೇ ಬರುತ್ತದೆ. ಅವರು ಬೆವರು ಹರಿಸಿದ್ದು ಆ ಕಾಲವನ್ನೇ ಕುಗ್ಗಿಸಲು.

ಹಾಗೆಂದು ಈ ಸಂಖ್ಯಾಶಾಸ್ತ್ರ ಎಲ್ಲಕ್ಕೂ ಮದ್ದಲ್ಲ. ಎರಡು ವರ್ಷಕ್ಕೊಮ್ಮೆ ಬೇಕಾಗುವ ಗೇರಿಗೆ ಸರಾಸರಿಯೂ ವಿಚಲನೆಯೂ ಅರ್ಥಹೀನ. ಅಲ್ಲಿ ಯಂತ್ರ ನಿಂತರೆ ಆಗುವ ನಷ್ಟ ನೋಡಿ ಒಂದನ್ನು ಇಡುವುದೋ ಬಿಡುವುದೋ ತೀರ್ಮಾನಿಸಬೇಕು. ಸೂತ್ರ ಯಾವುದಾದರೂ ಎರಡು ಕಡೆ ಅಂಕಿ ಕೆಡುತ್ತದೆ. ವಿಳಂಬವನ್ನು ಸರಬರಾಜುದಾರ ಹೇಳಿದ ದಿನಗಳಿಂದಲೇ ಎಣಿಸುತ್ತಾರೆ. ಇಂಡೆಂಟ್ ಸಹಿಗೆ ಕಾದ ದಿನ, ಬಂದ ಮಾಲು ತಪಾಸಣೆಗೆ ಬಿದ್ದಿದ್ದ ದಿನ ಬಿಟ್ಟುಹೋಗುತ್ತವೆ. ಇನ್ನೊಂದು, ಸರಕು ಇಲ್ಲದ ವಾರದ ಬಳಕೆ ಸೊನ್ನೆ ಎಂದೇ ದಾಖಲಾಗುತ್ತದೆ. ಕೇಳಿಕೊಂಡು ಬಂದು ಬರಿಗೈಲಿ ಹೋದವರ ಲೆಕ್ಕ ಎಲ್ಲೂ ಇರುವುದಿಲ್ಲ. ಆ ಸರಾಸರಿಯಿಂದ ಹಾಕಿದ ಮಟ್ಟ ಇನ್ನೂ ಕೆಳಗಿಳಿದು, ಮುಂದಿನ ಸಲ ಕೊರತೆ ಮತ್ತೂ ಬೇಗ ಬರುತ್ತದೆ.

ಈಗ ಈ ಮಟ್ಟಗಳು ಕಂಪ್ಯೂಟರಿನ ಖಾನೆಗಳಲ್ಲಿ ಕೂತಿವೆ. ಬಹಳ ಕಡೆ ತಂತ್ರಾಂಶ ಅಳವಡಿಸಿದ ದಿನ ತುಂಬಿದ ಅಂಕಿಗಳೇ ಇಂದಿಗೂ ಉಳಿದಿವೆ. ಅವು ಹಳತಾಗಿವೆಯೇ ಎಂದು ತಿಳಿಯಲು ಬಿನ್ ಕಾರ್ಡ್ ಸಾಕು. ಪ್ರತಿ ಸಲ ಹೊಸ ಮಾಲು ಸೇರುವ ಮೊದಲು ಉಳಿದಿದ್ದ ಶಿಲ್ಕನ್ನು ಪಟ್ಟಿಮಾಡಿ ಸರಾಸರಿ ತೆಗೆಯಿರಿ. ಮಟ್ಟಗಳು ಸರಿಯಿದ್ದರೆ ಅದು ಕನಿಷ್ಠ ಮಟ್ಟದ ಆಸುಪಾಸಿನಲ್ಲಿರಬೇಕು. ನಮ್ಮ ಬೇರಿಂಗಿನ ಸರಾಸರಿ 130 ಬಂದರೆ ಬಳಕೆ ಇಳಿದಿದೆ ಅಥವಾ ಮಾಲು ಬೇಗ ಬರುತ್ತಿದೆ. 35 ಬಂದರೆ ಹೊಸ ಮಾಲು ಹೆಚ್ಚಿನ ಸಲ ಅಪಾಯ ಮಟ್ಟದ ಅಂಚಿನಲ್ಲೇ ಬಂದು ಬೀಳುತ್ತಿದೆ ಎಂದರ್ಥ.